ಐದು ಫೋಟೊಗಳಲ್ಲಿ ವರದಿಗೆ ಯಾವುದು? ಈರುಳ್ಳಿ ಸಿಪ್ಪೆಯ ಸ್ಲೈಡ್ ಚಿತ್ರಗಳನ್ನು ಹೋಲಿಸುವ ಕ್ರಮ

ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಈಗ ಸೂಕ್ಷ್ಮದರ್ಶಕದ ಐಪೀಸ್‌ಗೆ ಮೊಬೈಲ್ ಹಿಡಿದು ಫೋಟೊ ತೆಗೆಯುವುದು ಸಾಮಾನ್ಯವಾಗಿದೆ. ತೆಗೆಯುವುದು ಸುಲಭ, ಆರಿಸುವುದು ಕಷ್ಟ. ಒಂದೇ ಸ್ಲೈಡಿಗೆ ಹತ್ತಾರು ಫೋಟೊ ಸೇರುತ್ತವೆ, ಗ್ಯಾಲರಿಯಲ್ಲಿ ಬೆರಳಾಡಿಸುತ್ತ ಕಣ್ಣಿಗೆ ಗಾಢವಾಗಿ ಕಂಡದ್ದನ್ನು ವರದಿಗೆ ಅಂಟಿಸಿಬಿಡುತ್ತಾರೆ. ಹಾಗೆ ಆರಿಸಿದ ಚಿತ್ರ ಬಹಳ ಸಲ ಸ್ಪಷ್ಟ ಚಿತ್ರವಾಗಿರುವುದೇ ಇಲ್ಲ. ಗೆರೆ ಕಪ್ಪಾಗಿರುವುದು ಬೇರೆ, ವಿವರ ಕಾಣುವುದು ಬೇರೆ. ಇವೆರಡನ್ನೂ ಬೇರ್ಪಡಿಸಿ ನೋಡುವ ಕ್ರಮವನ್ನು ಇಲ್ಲಿ ಹೇಳುತ್ತೇನೆ.

ಉದಾಹರಣೆಗೆ ಎಲ್ಲ ಶಾಲೆಗಳಲ್ಲೂ ಮಾಡುವ ಈರುಳ್ಳಿ ಸಿಪ್ಪೆಯನ್ನೇ ತೆಗೆದುಕೊಂಡಿದ್ದೇನೆ. ಬಣ್ಣ ಸಫ್ರಾನಿನ್, ಆಬ್ಜೆಕ್ಟಿವ್ 40 ಪಟ್ಟಿನದು, ಐಪೀಸ್ 10 ಪಟ್ಟಿನದು. ಈರುಳ್ಳಿ ಮಾತ್ರ ನಮ್ಮದು. ಕುಮಟಾದ ಅಳ್ವೇಕೋಡಿ, ಹಂದಿಗೋಣದ ಕಡೆ ಹೆದ್ದಾರಿ ಬದಿಯಲ್ಲಿ ಬೇಸಿಗೆಯಲ್ಲಿ ಹೆಣೆದು ತೂಗುಹಾಕುತ್ತಾರಲ್ಲ, ಆ ಸಿಹಿ ಈರುಳ್ಳಿ. ಮನೆಯಲ್ಲಿ ಗೊಂಚಲು ಇದ್ದರೆ ಅದರಿಂದ ಒಂದು ಗಡ್ಡೆ ಸಾಕು.

ಮೊದಲು ಒಂದು ವಾಕ್ಯ ಬರೆದುಕೊಳ್ಳಿ

ಕ್ಯಾಮೆರಾ ಮುಟ್ಟುವ ಮುಂಚೆ, ಈ ಚಿತ್ರದ ಕೆಳಗೆ ವರದಿಯಲ್ಲಿ ಏನು ಬರೆಯುತ್ತೀರಿ ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಿರಿ. "ಈರುಳ್ಳಿ ಸಿಪ್ಪೆಯ ಕೋಶಗಳು ಇಟ್ಟಿಗೆಗಳಂತೆ ಜೋಡಣೆಯಾಗಿವೆ" ಎಂಬುದು ಒಂದು ವಾಕ್ಯ. "ಕೋಶಕೇಂದ್ರವು ಕೋಶಭಿತ್ತಿಯ ಮಗ್ಗುಲಲ್ಲಿದ್ದು ಅದರೊಳಗೆ ಕಿರುಕೋಶಕೇಂದ್ರ ಕಾಣುತ್ತದೆ" ಎಂಬುದು ಇನ್ನೊಂದು. ಈ ಎರಡು ವಾಕ್ಯಗಳಿಗೆ ಒಂದೇ ಚಿತ್ರ ಒದಗುವುದಿಲ್ಲ.

ಕಾರಣ ಸರಳ. 40 ಪಟ್ಟಿನ ಆಬ್ಜೆಕ್ಟಿವ್ ಒಂದು ಸಲಕ್ಕೆ ಸುಮಾರು 1 ಮೈಕ್ರೋಮೀಟರ್ ದಪ್ಪದ ಪದರವನ್ನು ಮಾತ್ರ ಸ್ಪಷ್ಟವಾಗಿ ತೋರಿಸಬಲ್ಲದು. ಈರುಳ್ಳಿ ಸಿಪ್ಪೆಯ ಕೋಶ ಅದಕ್ಕಿಂತ ಎಷ್ಟೋ ಪಟ್ಟು ದಪ್ಪ. ಕೋಶದ ಮೇಲಂಚು ಸ್ಪಷ್ಟವಾದಾಗ ತಳ ಮಸುಕು, ತಳ ಸ್ಪಷ್ಟವಾದಾಗ ಮೇಲಂಚು ಮಸುಕು. ಕೋಶಕೇಂದ್ರ ಈ ಆಳದಲ್ಲಿ ಎಲ್ಲಿ ಬೇಕಾದರೂ ಇರಬಹುದು, ಪಕ್ಕದ ಕೋಶದ್ದು ಬೇರೆ ಆಳದಲ್ಲಿರಬಹುದು. ಹಾಗಾಗಿ "ಎಲ್ಲಕ್ಕಿಂತ ಸ್ಪಷ್ಟವಾದ ಚಿತ್ರ" ಎಂದು ಹುಡುಕಹೊರಟರೆ ದಾರಿ ತಪ್ಪುತ್ತದೆ. "ನನ್ನ ವಾಕ್ಯ ಹೇಳುವ ಭಾಗ ಯಾವುದರಲ್ಲಿ ಸ್ಪಷ್ಟವಾಗಿದೆ" ಎಂದು ಕೇಳಬೇಕು.

ಇಟ್ಟಿಗೆ ಜೋಡಣೆಯ ಚಿತ್ರ ಬೇಕಾದವರು 10 ಪಟ್ಟಿನ ಆಬ್ಜೆಕ್ಟಿವ್‌ನಲ್ಲೇ ತೆಗೆಯಲಿ. ಅದರಲ್ಲಿ ಸ್ಪಷ್ಟ ಪದರ ದಪ್ಪಗಿರುತ್ತದೆ, ಕೋಶಗಳೂ ಹೆಚ್ಚು ಕಾಣುತ್ತವೆ. ನಾವು ಇಲ್ಲಿ ಎರಡನೇ ವಾಕ್ಯವನ್ನು, ಅಂದರೆ ಕೋಶಕೇಂದ್ರವನ್ನು ಹಿಡಿಯೋಣ.

ಸ್ಲೈಡ್

ಈರುಳ್ಳಿಯ ಒಳಪದರವೊಂದನ್ನು ಬಿಡಿಸಿ, ಅದರ ಒಳಬಾಗಿದ ಬದಿಯಿಂದ ಚಿಮುಟದಲ್ಲಿ ಸಿಪ್ಪೆ ಎಳೆಯಿರಿ. ಆ ಬದಿಯ ಸಿಪ್ಪೆ ಒಂದೇ ಕೋಶದ ದಪ್ಪದಲ್ಲಿ ಬಿಟ್ಟುಬರುತ್ತದೆ. ಹೊರಬದಿಯ ಸಿಪ್ಪೆಯಲ್ಲಿ ಈರುಳ್ಳಿಯದೇ ಕೆಂಪು ಇರುತ್ತದೆ, ನೀವು ಹಾಕಿದ ಬಣ್ಣ ಯಾವುದು, ಅದರದ್ದೇ ಬಣ್ಣ ಯಾವುದು ಎಂದು ಆಮೇಲೆ ಹೇಳಲಾಗುವುದಿಲ್ಲ. ವಾಚ್ ಗ್ಲಾಸ್‌ನ ನೀರಿನಲ್ಲಿ ಹಾಕಿ, ಮಡಿಕೆ ಇಲ್ಲದ ಜಾಗದಿಂದ ಉಗುರಿನಗಲ ತುಂಡು ಕತ್ತರಿಸಿಕೊಳ್ಳಿ. ಒಂದು ಹನಿ ಸಫ್ರಾನಿನ್‌ನಲ್ಲಿ ಅರ್ಧದಿಂದ ಒಂದು ನಿಮಿಷ ಇಟ್ಟು ನೀರಿನಲ್ಲಿ ತೊಳೆಯಿರಿ. ತೊಳೆದ ನೀರಿಗೆ ಬಣ್ಣ ಬಿಡುವುದು ನಿಂತರೆ ಸಾಕು. ಇಡೀ ತುಂಡು ಒಂದೇ ಸಮ ಕೆಂಪಾಗಿ, ಕೋಶಕೇಂದ್ರ ಅದರಲ್ಲಿ ಮುಳುಗಿದ್ದರೆ ಬಣ್ಣ ಹೆಚ್ಚಾಗಿದೆ ಎಂದರ್ಥ. ಇನ್ನೊಮ್ಮೆ ತೊಳೆಯಿರಿ, ಇಲ್ಲವೇ ಹೊಸ ತುಂಡು ಮಾಡಿ. ಬಣ್ಣ ಹೆಚ್ಚಾದ ಸ್ಲೈಡನ್ನು ಫೋಟೊದಲ್ಲಿ ಸರಿಮಾಡಲು ಬರುವುದಿಲ್ಲ.

ಗ್ಲಿಸರಿನ್ ಹನಿಯ ಮೇಲೆ ಕೂರಿಸಿ, ಕವರ್ ಸ್ಲಿಪ್ಪನ್ನು ಓರೆಯಾಗಿ ಇಳಿಸಿ. ಗ್ಲಿಸರಿನ್ ಹಾಕಿದ ಮೇಲೆ ಕೆಲಸ ಬೇಗ ಆಗಬೇಕು. ಅದು ಕೋಶದೊಳಗಿನ ನೀರನ್ನು ಹೊರಗೆ ಎಳೆಯುತ್ತದೆ, ಕೋಶದ್ರವ್ಯ ಭಿತ್ತಿಯಿಂದ ಸರಿದು ಒಳಗೆ ಕುಗ್ಗಬಹುದು. ಮೊದಲ ಫೋಟೊದಲ್ಲಿ ಭಿತ್ತಿಗೆ ಅಂಟಿಕೊಂಡಿದ್ದ ಕೋಶಕೇಂದ್ರ ಊಟದ ಬೆಲ್ ಆದ ಮೇಲೆ ತೆಗೆದ ಫೋಟೊದಲ್ಲಿ ನಡುವಿಗೆ ಬಂದಿರುತ್ತದೆ. ಅವೆರಡನ್ನು ಪಕ್ಕಪಕ್ಕ ಇಟ್ಟು "ಯಾವುದು ಸ್ಪಷ್ಟ" ಎಂದು ಕೇಳುವುದರಲ್ಲಿ ಅರ್ಥವಿಲ್ಲ, ಅವು ಬೇರೆ ಬೇರೆ ಸ್ಥಿತಿಯ ಚಿತ್ರಗಳು. ಹೋಲಿಸಬೇಕಾದ ಎಲ್ಲ ಫೋಟೊಗಳೂ ಕೆಲವೇ ನಿಮಿಷಗಳ ಅಂತರದಲ್ಲಿ ಮುಗಿಯಬೇಕು.

ಬೆಳಕನ್ನು ಒಮ್ಮೆ ಕಟ್ಟಿ, ಮತ್ತೆ ಮುಟ್ಟಬೇಡಿ

ಎರಡು ಫೋಟೊಗಳ ನಡುವೆ ಒಂದೇ ಸಂಗತಿ ಬದಲಾಗಿರಬೇಕು. ನಮ್ಮ ಕೆಲಸದಲ್ಲಿ ಅದು ಫೋಕಸ್. ಬೆಳಕು, ಜಾಗ, ಮೊಬೈಲಿನ ಜೂಮ್ ಎಲ್ಲ ಹಾಗೆಯೇ ಇರಬೇಕು.

ಕನ್ನಡಿಯ ಸೂಕ್ಷ್ಮದರ್ಶಕಗಳಲ್ಲಿ ಇದು ಮಳೆಗಾಲದಲ್ಲಿ ಕಷ್ಟ. ಶಿರಸಿಯಲ್ಲಿ ಜುಲೈ ತಿಂಗಳಲ್ಲಿ ಕಿಟಕಿಯ ಬೆಳಕು ನಂಬಿದರೆ ಒಂದು ಮೋಡ ಹಾಯುವುದರೊಳಗೆ ಎರಡು ಫೋಟೊಗಳ ಬೆಳಕು ಬೇರೆಯಾಗುತ್ತದೆ. ಬೆಳಕು ಕಡಿಮೆಯಾದಾಗ ಮೊಬೈಲ್ ತಾನೇ ಸಂವೇದನೆ ಏರಿಸಿಕೊಳ್ಳುತ್ತದೆ, ಚಿತ್ರದ ತುಂಬ ಕಾಳುಕಾಳು ಬರುತ್ತದೆ. ಅದು ಫೋಕಸ್ ತಪ್ಪಿದ್ದರಿಂದ ಬಂದ ಮಸುಕಲ್ಲ, ಆದರೆ ನೋಡುವವರಿಗೆ ಹಾಗೇ ಅನಿಸುತ್ತದೆ. ಚಾರ್ಜಿನ ಎಲ್‌ಇಡಿ ಟೇಬಲ್ ದೀಪವನ್ನು ಕನ್ನಡಿಯ ಎದುರು ಕದಲದಂತೆ ಇಡಿ. ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಕಂಡೆನ್ಸರ್ ಇರುವ ಉಪಕರಣಕ್ಕೆ ಕನ್ನಡಿಯ ಚಪ್ಪಟೆ ಮುಖ, ಇಲ್ಲದ್ದಕ್ಕೆ ತಗ್ಗು ಮುಖ.

ಇನ್ನು ಕಂಡೆನ್ಸರ್ ಕೆಳಗಿನ ಡಯಾಫ್ರಮ್. ಈ ಪುಟ್ಟ ಹಿಡಿಯನ್ನು ಬಹಳಷ್ಟು ಮಕ್ಕಳು ಬೆಳಕು ಕಡಿಮೆ ಮಾಡುವ ಗುಂಡಿ ಎಂದುಕೊಂಡಿರುತ್ತಾರೆ. ಅದನ್ನು ಕಟ್ಟುವ ವಿಧಾನ ಹೀಗಿದೆ. 40 ಪಟ್ಟಿನ ಆಬ್ಜೆಕ್ಟಿವ್‌ನಲ್ಲಿ ಕೋಶವನ್ನು ಫೋಕಸ್ ಮಾಡಿ. ಐಪೀಸನ್ನು ನಿಧಾನ ಹೊರತೆಗೆದು ಖಾಲಿ ಕೊಳವೆಯೊಳಗೆ ನೋಡಿ. ತಳದಲ್ಲಿ ಬೆಳಕಿನ ಒಂದು ದುಂಡು ಕಾಣುತ್ತದೆ. ಡಯಾಫ್ರಮ್ಮನ್ನು ಪೂರ್ತಿ ತೆರೆದು, ಆಮೇಲೆ ಮೆಲ್ಲಗೆ ಮುಚ್ಚುತ್ತ ಬನ್ನಿ. ದುಂಡಿನ ಅಂಚಿನಿಂದ ನೆರಳು ಒಳಗೆ ಬರತೊಡಗುತ್ತದೆ. ದುಂಡಿನ ಅಡ್ಡಳತೆಯಲ್ಲಿ ಮುಕ್ಕಾಲು ಭಾಗ ಬೆಳಕು ಉಳಿದಾಗ ನಿಲ್ಲಿಸಿ, ಐಪೀಸ್ ಮತ್ತೆ ಹಾಕಿ. ಬೆಳಕು ಕಣ್ಣಿಗೆ ಹೆಚ್ಚಾದರೆ ದೀಪದ ನಾಬ್ ತಿರುಗಿಸಿ ಇಲ್ಲವೇ ದೀಪವನ್ನು ದೂರ ಸರಿಸಿ, ಡಯಾಫ್ರಮ್ಮನ್ನು ಮಾತ್ರ ಮುಟ್ಟಬೇಡಿ. ಯಾಕೆ ಎಂಬುದು ಮುಂದೆ ಬರುತ್ತದೆ, ಇಡೀ ಹೋಲಿಕೆಯಲ್ಲಿ ಹೆಚ್ಚು ಜನ ಎಡವುವುದು ಅಲ್ಲೇ.

ಐದು ಫೋಟೊ, ಒಂದೇ ದಿಕ್ಕು

ಒಂದು ಗುರುತು ಇರುವ ಜಾಗ ಆರಿಸಿ. ಮೂರು ಕೋಶಗಳ ಭಿತ್ತಿ ಕೂಡುವ ಮೂಲೆ, ಅದರ ಪಕ್ಕದಲ್ಲೇ ಚೆನ್ನಾಗಿ ಬಣ್ಣ ಹಿಡಿದ ಕೋಶಕೇಂದ್ರ ಇದ್ದರೆ ಒಳ್ಳೆಯದು. ಗಾಳಿಗುಳ್ಳೆಯ ಹತ್ತಿರ ಬೇಡ, ಅದರ ದಪ್ಪ ಕಪ್ಪು ಅಂಚು ಕಣ್ಣನ್ನೂ ಕ್ಯಾಮೆರಾವನ್ನೂ ದಾರಿ ತಪ್ಪಿಸುತ್ತದೆ. ಸ್ಲೈಡನ್ನು ಕ್ಲಿಪ್‌ನಲ್ಲಿ ಬಿಗಿಮಾಡಿ.

ಮೊಬೈಲನ್ನು ಕೈಯಲ್ಲಿ ಹಿಡಿಯುವ ಬದಲು ಸ್ಟ್ಯಾಂಡಿಗೆ ಕಟ್ಟಿ. ಐಪೀಸ್ ಹಿಡಿಕೆ ಇಲ್ಲದ ಶಾಲೆಯಲ್ಲಿ ಪ್ರಯೋಗಾಲಯದ ಬ್ಯುರೆಟ್ ಸ್ಟ್ಯಾಂಡ್ ಮತ್ತು ಕ್ಲ್ಯಾಂಪ್ ಸಾಕು, ಮೊಬೈಲಿನ ಗಾಜಿಗೆ ಗೀರು ಬೀಳದಂತೆ ಬಟ್ಟೆ ಸುತ್ತಿ. ಪರದೆಯ ಮೇಲೆ ಕೋಶಕೇಂದ್ರದ ಜಾಗದಲ್ಲಿ ಬೆರಳನ್ನು ಒತ್ತಿ ಹಿಡಿದರೆ ಐಫೋನಿನಲ್ಲಿ `AE/AF LOCK` ಎಂದು ಬರುತ್ತದೆ, ಹೆಚ್ಚಿನ ಆಂಡ್ರಾಯ್ಡ್ ಮೊಬೈಲುಗಳಲ್ಲಿ ಬೀಗದ ಚಿಹ್ನೆ ಕಾಣುತ್ತದೆ. ಅದಾದ ಮೇಲೆ ಮೊಬೈಲ್ ತನ್ನಷ್ಟಕ್ಕೆ ಫೋಕಸ್ಸನ್ನೂ ಬೆಳಕನ್ನೂ ಬದಲಿಸುವುದಿಲ್ಲ. `HDR` ಇದ್ದರೆ ಆಫ್ ಮಾಡಿ. ಬಟನ್ ಒತ್ತುವಾಗಿನ ಅಲುಗಾಟ ತಪ್ಪಿಸಲು ಎರಡು ಮೂರು ಸೆಕೆಂಡಿನ ಟೈಮರ್ ಇಡಿ.

ಈಗ ಸಣ್ಣ ತಿರುಪನ್ನು, ಅಂದರೆ ಫೈನ್ ಅಡ್ಜಸ್ಟ್‌ಮೆಂಟನ್ನು, ಕೋಶಕೇಂದ್ರ ಪೂರ್ತಿ ಮಸುಕಾಗುವವರೆಗೆ ಒಂದು ಕಡೆಗೆ ತಿರುಗಿಸಿ. ಅಲ್ಲಿಂದ ವಾಪಸ್ಸು ಬರುತ್ತ, ಪ್ರತಿ ಸಣ್ಣ ತಿರುವಿಗೊಂದು ಫೋಟೊ ತೆಗೆಯಿರಿ. ತಿರುಪಿನ ಮೇಲೆ ಗೆರೆಗಳಿದ್ದರೆ ಒಂದೊಂದು ಗೆರೆ, ಇಲ್ಲದಿದ್ದರೆ ತಿರುಪಿನ ಅಂಚಿಗೆ ಬಿಳಿ ಪಟ್ಟಿ ಅಂಟಿಸಿ ಸಮ ಅಂತರದಲ್ಲಿ ಗುರುತು ಮಾಡಿ. ನಡುವೆ ಹಿಂದೆ ಮುಂದೆ ತಿರುಗಿಸಬಾರದು. ಹಳೆಯ ಉಪಕರಣಗಳ ಹಲ್ಲುಗಾಲಿಗಳಲ್ಲಿ ಸಡಿಲು ಇರುತ್ತದೆ, ದಿಕ್ಕು ಬದಲಿಸಿದಾಗ ತಿರುಪು ತಿರುಗಿದರೂ ಕೊಳವೆ ಸ್ವಲ್ಪ ಹೊತ್ತು ಕದಲುವುದೇ ಇಲ್ಲ. ಹಾಗಾದರೆ ಫೋಟೊಗಳ ಕ್ರಮ ಕೆಟ್ಟುಹೋಗುತ್ತದೆ. ಐದು ಫೋಟೊಗಳು ಸಾಕು. ನಡುವಿನದರ ಆಸುಪಾಸು ಸ್ಪಷ್ಟವಾಗಿ, ಮೊದಲನೆಯದೂ ಕೊನೆಯದೂ ಮಸುಕಾಗಿರಬೇಕು. ಕೊನೆಯದು ಇನ್ನೂ ಸ್ಪಷ್ಟವಾಗುತ್ತಲೇ ಇದ್ದರೆ ಸರಣಿ ಮುಗಿದಿಲ್ಲ, ಮುಂದುವರಿಸಿ.

ಪಕ್ಕಪಕ್ಕ ಇಟ್ಟು ನೋಡುವುದು

ಫೋಟೊಗಳನ್ನು ಶಾಲೆಯ ಕಂಪ್ಯೂಟರಿಗೆ ಕೇಬಲಿನಲ್ಲೇ ಹಾಕಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ. ನೀವು ಹುಡುಕುತ್ತಿರುವ ಸಣ್ಣ ವಿವರವೇ ಮೊದಲು ಹೋಗುವುದು. ಅದರಲ್ಲೇ ಕಳಿಸಬೇಕಾದರೆ ಡಾಕ್ಯುಮೆಂಟ್ ಎಂದು ಸೇರಿಸಿ ಕಳಿಸಿ.

ನೋಡುವವರಿಗೆ ಯಾವುದು ಎಷ್ಟನೆಯ ಫೋಟೊ ಎಂದು ತಿಳಿಯಬಾರದು. ತೆಗೆದವರಿಗೆ "ನಡುವಿನದೇ ಚೆನ್ನಾಗಿರಬೇಕು" ಎಂಬ ಎಣಿಕೆ ಮೊದಲೇ ಇರುತ್ತದೆ, ಕಣ್ಣು ಅದರ ಹಿಂದೆ ಹೋಗುತ್ತದೆ. ಇನ್ನೊಬ್ಬರಿಂದ ಕಡತಗಳ ಹೆಸರನ್ನು ಕ, ಖ, ಗ, ಘ, ಙ ಎಂದು ಕಲಸಿ ಬದಲಿಸಿ, ಪಟ್ಟಿಯನ್ನು ಅವರ ಬಳಿಯೇ ಇಡಿಸಿ.

ಆಮೇಲೆ ಚಿತ್ರವನ್ನು ಪರದೆಗೆ ಹೊಂದಿಸಿ ನೋಡುವುದು ಬೇಡ. ಪರದೆಗೆ ಹೊಂದಿಸಿದಾಗ ಐದೂ ಚೆನ್ನಾಗಿಯೇ ಕಾಣುತ್ತವೆ. 100 ಪ್ರತಿಶತಕ್ಕೆ ಹಿಗ್ಗಿಸಿ, ಎಲ್ಲದರಲ್ಲೂ ಅದೇ ತುಂಡು, ಅಂದರೆ ಆ ಮೂರು ಭಿತ್ತಿಗಳ ಮೂಲೆ ಮತ್ತು ಕೋಶಕೇಂದ್ರ ಇರುವ ಭಾಗ ನೋಡಿ. ಐದನ್ನೂ ಒಟ್ಟಿಗೆ ತೂಗಬೇಡಿ, ಎರಡೆರಡಾಗಿ ಇಡಿ, ಗೆದ್ದದ್ದನ್ನು ಮುಂದಿನದರ ಜೊತೆ ಇಡಿ. ಕೇಳಿಕೊಳ್ಳುವ ಪ್ರಶ್ನೆ ಮೂರೇ. ಕೋಶಕೇಂದ್ರದ ಅಂಚು ಎಷ್ಟು ತಟ್ಟನೆ ಕೆಂಪಿನಿಂದ ತಿಳಿ ಬಣ್ಣಕ್ಕೆ ತಿರುಗುತ್ತದೆ? ಅದರೊಳಗೆ ಕಿರುಕೋಶಕೇಂದ್ರದ ಗಾಢ ಚುಕ್ಕೆಯನ್ನು ಎಣಿಸಲು ಬರುತ್ತದೆಯೇ? ಅಂಚಿನ ಸುತ್ತ ಬಿಳಿ ಅಥವಾ ಕಪ್ಪು ಉಂಗುರ ಇದೆಯೇ? ಮೊದಲ ಎರಡಕ್ಕೆ ಹೌದು, ಮೂರನೆಯದಕ್ಕೆ ಇಲ್ಲ ಎನ್ನುವ ಚಿತ್ರ ಮೇಲೆ ಬರುತ್ತದೆ.

ಒಂದು ಸರಣಿ ಹೀಗೆ ಬರುತ್ತದೆ ನೋಡಿ. ತೆಗೆದ ಕ್ರಮದಲ್ಲಿ ಹೇಳುತ್ತೇನೆ. ಒಂದನೆಯದರಲ್ಲಿ ಭಿತ್ತಿ ಅಗಲ ಪಟ್ಟಿಯಾಗಿದೆ, ಕೋಶಕೇಂದ್ರ ಗುಲಾಬಿ ಮಬ್ಬು. ಎರಡನೆಯದರಲ್ಲಿ ಭಿತ್ತಿಗಳೆಲ್ಲ ಕೊರೆದಿಟ್ಟಂತೆ ಎದ್ದಿವೆ, ಒಂದು ಬದಿಗೆ ಹೊಳೆಯುವ ಗೆರೆ, ಇನ್ನೊಂದು ಬದಿಗೆ ಕಪ್ಪು ಗೆರೆ. ಕೋಶಕೇಂದ್ರ ಗುರುತಿಸಬಹುದು, ಅಂಚು ಮಾತ್ರ ಮೆತ್ತಗಿದೆ. ಮೂರನೆಯದರಲ್ಲಿ ಭಿತ್ತಿ ತೆಳುವಾಗಿ, ಮೊದಲಿಗಿಂತ ಸಪ್ಪೆಯಾಗಿ ಕಾಣುತ್ತದೆ. ಕೋಶಕೇಂದ್ರದ ಅಂಚು ಸ್ವಚ್ಛ. ನಾಲ್ಕನೆಯದರಲ್ಲಿ ಭಿತ್ತಿ ಸ್ವಲ್ಪ ಮಸುಕಾಗಿದೆ, ಕೋಶಕೇಂದ್ರದ ಅಂಚು ಮೂರನೆಯದರಷ್ಟೇ ಚೊಕ್ಕ, ಒಳಗೆ ಎರಡು ಚುಕ್ಕೆ ಬೇರೆ ಬೇರೆ ಕಾಣುತ್ತವೆ. ಐದನೆಯದರಲ್ಲಿ ಎಲ್ಲ ಮತ್ತೆ ಮಬ್ಬು, ಭಿತ್ತಿಯ ಹೊಳೆಯುವ ಗೆರೆಯೂ ಕಪ್ಪು ಗೆರೆಯೂ ಈಗ ಜಾಗ ಬದಲಿಸಿವೆ.

ಗ್ಯಾಲರಿಯ ಚಿಕ್ಕ ಚಿತ್ರಗಳಲ್ಲಿ ಎರಡನೆಯದೇ ಗೆಲ್ಲುತ್ತದೆ. "ಸರ್, ಇದೇ ಚೊಲೋ ಬಂದದೆ ಅಲ್ರಾ?" ಎಂದು ಮಕ್ಕಳು ತೋರಿಸುವುದೂ ಅದನ್ನೇ. ಚಿತ್ರದಲ್ಲಿ ಹೆಚ್ಚು ಜಾಗ ಹಿಡಿಯುವುದು ಭಿತ್ತಿಗಳೇ ಆದ್ದರಿಂದ ಕಣ್ಣು ಅವುಗಳ ಮೇಲೆ ತೀರ್ಪು ಕೊಡುತ್ತದೆ. ಆದರೆ ಆ ಹೊಳೆಯುವ ಗೆರೆ, ಕಪ್ಪು ಗೆರೆ ಭಿತ್ತಿಯ ರಚನೆಯಲ್ಲ. ಭಿತ್ತಿ ಮತ್ತು ಸುತ್ತಲಿನ ದ್ರವ ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಬಗ್ಗಿಸುವುದರಿಂದ, ಫೋಕಸ್ ತುಸು ತಪ್ಪಿದಾಗ ಅಂಚಿನ ಒಂದು ಕಡೆ ಬೆಳಕು ಸೇರಿ ಇನ್ನೊಂದು ಕಡೆ ಕತ್ತಲೆಯಾಗುತ್ತದೆ. ಫೋಕಸ್ಸಿನ ಆಚೆ ಬದಿಗೆ ಹೋದರೆ ಎರಡೂ ಅದಲುಬದಲಾಗುತ್ತವೆ, ಐದನೆಯ ಚಿತ್ರದಲ್ಲಿ ಆದದ್ದು ಅದೇ. ಅಂದರೆ ಬಣ್ಣ ಹಿಡಿಯದ, ಪಾರದರ್ಶಕ ವಸ್ತುವಿನ ಅಂಚು ನಿಜವಾದ ಫೋಕಸ್‌ನಲ್ಲಿ ಸಪ್ಪೆಯಾಗಿರುತ್ತದೆ, ತಪ್ಪಿದಾಗ ಎದ್ದುಕಾಣುತ್ತದೆ. ಬಣ್ಣ ಹಿಡಿದ ಭಾಗ ಹಾಗಲ್ಲ. ಕೋಶಕೇಂದ್ರ ಕಾಣುವುದು ಅದು ಬೆಳಕನ್ನು ಹೀರುವುದರಿಂದ, ಫೋಕಸ್ ಸರಿಯಾದಷ್ಟೂ ಅದು ಗಾಢವೂ ಚೊಕ್ಕವೂ ಆಗುತ್ತದೆ. ಬಣ್ಣ ಹಾಕಿದ ಸ್ಲೈಡಿನಲ್ಲಿ ತೀರ್ಪನ್ನು ಬಣ್ಣದ ಮೇಲೆಯೇ ಕೊಡಬೇಕು, ಹೊಳೆಯುವ ಅಂಚುಗಳ ಮೇಲೆ ಅಲ್ಲ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ನಮ್ಮ ವಾಕ್ಯದಲ್ಲಿ ಕಿರುಕೋಶಕೇಂದ್ರದ ಮಾತಿದೆ, ಆದ್ದರಿಂದ ವರದಿಗೆ ನಾಲ್ಕನೆಯದು. ಕೋಶಕೇಂದ್ರ ಭಿತ್ತಿಯ ಪಕ್ಕದಲ್ಲಿದೆ ಎಂದಷ್ಟೇ ಹೇಳುವುದಿದ್ದರೆ ಮೂರನೆಯದು, ಅದರಲ್ಲಿ ಎರಡೂ ಒಪ್ಪುವಷ್ಟು ಸ್ಪಷ್ಟವಾಗಿವೆ. ಇಬ್ಬರು ಬೇರೆ ಬೇರೆಯಾಗಿ ನೋಡಿ ಒಂದೇ ಚಿತ್ರ ಆರಿಸಿದರೆ ತೀರ್ಮಾನವಾಯಿತು. ಒಬ್ಬರಿಗೆ ಮೂರು, ಇನ್ನೊಬ್ಬರಿಗೆ ನಾಲ್ಕು ಬಂದರೆ ಜಗಳ ಬೇಡ, ಇಬ್ಬರೂ ಯಾವ ಭಾಗ ನೋಡಿ ಹೇಳಿದರು ಎಂದು ವಿಚಾರಿಸಿ. ಒಬ್ಬರು ಭಿತ್ತಿ ನೋಡಿರುತ್ತಾರೆ.

ಕಡತದ ಗಾತ್ರವೂ ಒಂದು ಸುಳಿವು ಕೊಡುತ್ತದೆ. ಒಂದೇ ಜಾಗ, ಒಂದೇ ಬೆಳಕು ಇದ್ದಾಗ ಮಸುಕು ಚಿತ್ರ ಹೆಚ್ಚು ಕುಗ್ಗುತ್ತದೆ, ವಿವರ ಇರುವ ಚಿತ್ರದ `JPG` ಕಡತ ದೊಡ್ಡದಾಗುತ್ತದೆ. ಒಂದನೆಯದೂ ಐದನೆಯದೂ ಚಿಕ್ಕದಾಗಿ ಬಂದರೆ ಸರಣಿ ಸರಿಯಿದೆ ಎಂದು ತಿಳಿಯಬಹುದು. ಅದಕ್ಕಿಂತ ಹೆಚ್ಚು ಇದನ್ನು ನಂಬಬಾರದು. ಕಾಳುಕಾಳು ಬಂದರೂ ಕಡತ ದೊಡ್ಡದಾಗುತ್ತದೆ, ಎರಡನೆಯದರಂಥ ಹೊಳೆಯುವ ಗೆರೆಗಳಿಂದಲೂ ದೊಡ್ಡದಾಗುತ್ತದೆ.

ಮುಚ್ಚಿದ ಡಯಾಫ್ರಮ್ಮಿನ ಮೋಸ

ಮೇಲೆ ಹೇಳಿದ ಗೆರೆಗಳನ್ನು ಇನ್ನಷ್ಟು ಬಲವಾಗಿ ಬರಿಸುವ ದಾರಿ ಡಯಾಫ್ರಮ್ಮನ್ನು ಮುಚ್ಚುವುದು. ಇದನ್ನು ನೀವೇ ಮಾಡಿ ನೋಡಬೇಕು. ನಾಲ್ಕನೆಯ ಫೋಟೊದ ಫೋಕಸ್‌ನಲ್ಲೇ ಇರಿಸಿ, ಡಯಾಫ್ರಮ್ಮನ್ನು ತುದಿಯವರೆಗೆ ಮುಚ್ಚಿ ಆರನೆಯ ಫೋಟೊ ತೆಗೆಯಿರಿ. ಭಿತ್ತಿಗಳು ಶಾಯಿಯಲ್ಲಿ ಬರೆದ ಹಾಗೆ ಕಪ್ಪಾಗುತ್ತವೆ, ಕಣ್ಣು ತಕ್ಷಣ ಇದನ್ನೇ ಮೆಚ್ಚುತ್ತದೆ. ಈಗ 100 ಪ್ರತಿಶತಕ್ಕೆ ಹಿಗ್ಗಿಸಿ ಕೋಶಕೇಂದ್ರ ನೋಡಿ. ಅದರ ಸುತ್ತ ಒಂದು ಕಪ್ಪು ಉಂಗುರ ಬಂದಿರುತ್ತದೆ, ಒಳಗಿನ ಎರಡು ಚುಕ್ಕೆಗಳು ಒಂದಕ್ಕೊಂದು ಸೇರಿ ಒಂದೇ ಮಚ್ಚೆಯಾಗಿರಬಹುದು. ಕೋಶದ್ರವ್ಯದ ಸಣ್ಣ ಕಣಗಳಿಗೂ ಉಂಗುರ, ಕವರ್ ಸ್ಲಿಪ್ ಮೇಲಿನ ಧೂಳಿಗೂ ಉಂಗುರ.

ಮಸೂರ ಎಷ್ಟು ಅಗಲದ ಬೆಳಕಿನ ಶಂಕುವನ್ನು ಬಳಸಿಕೊಳ್ಳುತ್ತದೆ ಎಂಬುದರ ಮೇಲೆ ವಿವರ ನಿಂತಿದೆ. ಶಾಲೆಯ 40 ಪಟ್ಟಿನ ಆಬ್ಜೆಕ್ಟಿವ್ ಮೇಲೆ ಸಾಮಾನ್ಯವಾಗಿ 0.65 ಎಂದು ಬರೆದಿರುತ್ತದೆ. ಅದು ಆ ಶಂಕುವಿನ ಅಳತೆ. ಪೂರ್ತಿ ಬಳಸಿದರೆ ಅರ್ಧ ಮೈಕ್ರೋಮೀಟರ್ ದೂರದ ಎರಡು ಚುಕ್ಕೆಗಳನ್ನು ಹೆಚ್ಚುಕಡಿಮೆ ಬೇರೆಯಾಗಿ ತೋರಿಸಬಲ್ಲದು. ಡಯಾಫ್ರಮ್ ಮುಚ್ಚಿದಾಗ ಬೆಳಕಿನ ಶಂಕು ಕಿರಿದಾಗಿ ಆ ಶಕ್ತಿ ಕುಗ್ಗುತ್ತದೆ. ಗೆರೆ ಗಾಢವಾಗುತ್ತದೆ, ವಿವರ ಕಳೆಯುತ್ತದೆ. ನಾಲ್ಕು ಮತ್ತು ಆರನ್ನು ಪಕ್ಕಪಕ್ಕ ಇಟ್ಟು ಮಕ್ಕಳಿಗೆ ತೋರಿಸುವುದು ಹತ್ತು ಮಾತಿಗಿಂತ ಹೆಚ್ಚು ಕಲಿಸುತ್ತದೆ ಎಂಬುದು ನನ್ನ ನಂಬಿಕೆ. ವರದಿಯ ಕೊನೆಯಲ್ಲಿ ಆರನೆಯದನ್ನೂ ಒಂದು ಸಾಲಿನ ವಿವರಣೆಯೊಂದಿಗೆ ಸೇರಿಸಿದರೆ ಇನ್ನೂ ಒಳ್ಳೆಯದು.

ಐದೂ ಮಸುಕಾಗಿದ್ದರೆ

ತಿರುಪು ಎಷ್ಟು ತಿರುಗಿಸಿದರೂ ಯಾವ ಫೋಟೊವೂ ಚೊಕ್ಕವಾಗದೆ, ಎಲ್ಲದರ ಮೇಲೂ ತೆಳು ಹಾಲಿನ ಪರದೆ ಇದ್ದಂತೆ ಕಂಡರೆ ಫೋಕಸ್ಸಿನ ತಪ್ಪಲ್ಲ, ಎಲ್ಲೋ ಕೊಳೆ ಇದೆ. 10 ಪಟ್ಟಿನ ಆಬ್ಜೆಕ್ಟಿವ್‌ನಲ್ಲಿ ಚೆನ್ನಾಗಿ ಕಂಡು 40 ರಲ್ಲಿ ಮಾತ್ರ ಮಂಜಾದರೆ, 40 ರ ತುದಿಗೆ ಗ್ಲಿಸರಿನ್ ತಗುಲಿದೆ ಎಂದೇ ಎಣಿಸಿ. ಅದರ ತುದಿ ಕವರ್ ಸ್ಲಿಪ್ಪಿಗೆ ಒಂದು ಮಿಲಿಮೀಟರಿಗಿಂತ ಕಡಿಮೆ ದೂರದಲ್ಲಿ ಇರುತ್ತದೆ, ಗ್ಲಿಸರಿನ್ ಹೆಚ್ಚಾಗಿ ಅಂಚಿನಿಂದ ಹೊರಬಂದಿದ್ದರೆ ತಾಗದೇ ಇರುವುದಿಲ್ಲ. ಲೆನ್ಸ್ ಕಾಗದಕ್ಕೆ ಒಂದು ಹನಿ ಶುದ್ಧ ನೀರು ಹಾಕಿ ಮೆಲ್ಲಗೆ ಒರೆಸಿ, ಆಮೇಲೆ ಒಣ ಕಾಗದದಿಂದ ಒರೆಸಿ. ಕರ್ಚೀಫು, ಅಂಗಿಯ ತುದಿ ಬೇಡ. ಸ್ಲೈಡಿನ ಮೇಲಿನ ಹೆಚ್ಚಿನ ಗ್ಲಿಸರಿನ್ನನ್ನು ಬ್ಲಾಟಿಂಗ್ ಪೇಪರಿನ ಅಂಚಿನಿಂದ ಎಳೆದುಕೊಳ್ಳಿ.

ಚುಕ್ಕೆ ಮಾತ್ರ ಇದ್ದರೆ ಅದು ಎಲ್ಲಿದೆ ಎಂದು ಹುಡುಕುವುದು ಸುಲಭ. ಐಪೀಸನ್ನು ತಿರುಗಿಸಿದಾಗ ಚುಕ್ಕೆಯೂ ತಿರುಗಿದರೆ ಐಪೀಸಿನ ಮೇಲಿದೆ. ಸ್ಲೈಡ್ ಸರಿಸಿದಾಗ ಸರಿದರೆ ಸ್ಲೈಡಿನ ಮೇಲೆ. ಎರಡಕ್ಕೂ ಕದಲದಿದ್ದರೆ ಕಂಡೆನ್ಸರ್, ದೀಪ ಇಲ್ಲವೇ ಮೊಬೈಲಿನ ಗಾಜು.

ಒರೆಸಿದರೂ ಹೋಗದ, ಜೇಡರ ಬಲೆಯಂಥ ಸಣ್ಣ ಎಳೆಗಳು ಮಸೂರದಲ್ಲಿ ಕಂಡರೆ ಅದು ಬೂಷ್ಟು. ಮಳೆಗಾಲದ ತೇವದಲ್ಲಿ ಮುಚ್ಚಿದ ಮರದ ಪೆಟ್ಟಿಗೆಯೊಳಗೆ ತಿಂಗಳುಗಟ್ಟಲೆ ಇಟ್ಟ ಉಪಕರಣಗಳಿಗೆ ನಮ್ಮ ಕರಾವಳಿಯಲ್ಲೂ ಘಟ್ಟದ ಮೇಲೂ ಇದು ಬರುವಂಥದ್ದೇ. ಅದನ್ನು ಶಾಲೆಯಲ್ಲಿ ಬಿಚ್ಚಲು ಹೋಗಬೇಡಿ, ಇನ್ನೊಂದು ಉಪಕರಣದಲ್ಲಿ ಫೋಟೊ ತೆಗೆದು, ಇದನ್ನು ರಿಪೇರಿಗೆ ಕೊಡಿ. ಇನ್ನುಳಿದವನ್ನು ಸಿಲಿಕಾ ಜೆಲ್ ಇಟ್ಟ ಡಬ್ಬಿಯಲ್ಲಿ ಇಡಿ.

ವರದಿಗೆ ಹಾಕುವಾಗ

"400 ಪಟ್ಟು ಹಿಗ್ಗಿಸಿದೆ" ಎಂದು ಬರೆದರೆ ಸಾಲದು. ಐಪೀಸಿನಲ್ಲಿ ಕಣ್ಣಿಟ್ಟಾಗ ಅದು ನಿಜ, ಮೊಬೈಲ್ ತೆಗೆದು ಕಾಗದಕ್ಕೆ ಮುದ್ರಿಸಿದ ಮೇಲೆ ನಿಜವಲ್ಲ. ಚಿತ್ರದ ಮೇಲೆ ಅಳತೆಯ ಗೆರೆ ಹಾಕಬೇಕು. ಮೊಬೈಲಿನ ಜೂಮ್ ಬದಲಿಸದೆ, 10 ಪಟ್ಟಿನ ಆಬ್ಜೆಕ್ಟಿವ್ ಕೆಳಗೆ ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲಿನ ಫೋಟೊ ತೆಗೆಯಿರಿ. ಸ್ಕೇಲಿನ ಗೆರೆಗಳೇ ಇಲ್ಲಿ ದಪ್ಪ ಕಂಬಗಳಾಗಿ ಕಾಣುತ್ತವೆ, ಆದ್ದರಿಂದ ಒಂದು ಗೆರೆಯ ಎಡ ಅಂಚಿನಿಂದ ಮುಂದಿನ ಗೆರೆಯ ಎಡ ಅಂಚಿಗೆ ಅಳೆಯಿರಿ. ಅದು 1 ಮಿಲಿಮೀಟರ್, ಅಂದರೆ 1000 ಮೈಕ್ರೋಮೀಟರ್. ಅದು 2000 ಪಿಕ್ಸೆಲ್ ಬಂತು ಎನ್ನಿ. ಹಾಗಾದರೆ ಒಂದು ಪಿಕ್ಸೆಲ್ ಅರ್ಧ ಮೈಕ್ರೋಮೀಟರ್. 40 ಪಟ್ಟಿನಲ್ಲಿ ನಾಲ್ಕು ಪಟ್ಟು ದೊಡ್ಡದಾಗುವುದರಿಂದ ಒಂದು ಪಿಕ್ಸೆಲ್ 0.125 ಮೈಕ್ರೋಮೀಟರ್. ನಾಲ್ಕನೆಯ ಫೋಟೊದಲ್ಲಿ 400 ಪಿಕ್ಸೆಲ್ ಉದ್ದದ ಗೆರೆ ಎಳೆದು 50 ಮೈಕ್ರೋಮೀಟರ್ ಎಂದು ಬರೆಯಬಹುದು. ಕೋಶಕೇಂದ್ರ 120 ಪಿಕ್ಸೆಲ್ ಇದ್ದರೆ ಅದು 15 ಮೈಕ್ರೋಮೀಟರ್. ಇದು ಈರುಳ್ಳಿಗೆ ಒಪ್ಪುವ ಅಳತೆ. 150 ಎಂದು ಬಂದರೆ ಲೆಕ್ಕದಲ್ಲಿ ಸೊನ್ನೆ ತಪ್ಪಿದೆ.

ಆರಿಸಿದ ಚಿತ್ರಕ್ಕೆ ಮೊಬೈಲಿನ ಶಾರ್ಪ್ ಮಾಡುವ ಆಯ್ಕೆ ಬಳಸಬೇಡಿ. ಅದು ಇಲ್ಲದ ವಿವರವನ್ನು ತರುವುದಿಲ್ಲ, ಅಂಚುಗಳ ಸುತ್ತ ಬಿಳಿ ಗೆರೆ ಎಳೆಯುತ್ತದೆ ಅಷ್ಟೆ. ಅದೇ ಗೆರೆಯ ಕಾರಣಕ್ಕೆ ಎರಡನೆಯ ಫೋಟೊವನ್ನು ಕೈಬಿಟ್ಟದ್ದು. ಇಡೀ ಚಿತ್ರದ ಬೆಳಕನ್ನು ಸ್ವಲ್ಪ ಏರಿಸಿದರೆ ತೊಂದರೆಯಿಲ್ಲ, ಏರಿಸಿದ್ದನ್ನು ಬರೆಯಿರಿ.

ವರದಿ ಕಪ್ಪುಬಿಳುಪಿನಲ್ಲಿ ಜೆರಾಕ್ಸ್ ಆಗುವುದಿದ್ದರೆ ಮೂರು, ನಾಲ್ಕು ಎರಡನ್ನೂ ಒಂದೊಂದು ಪ್ರತಿ ತೆಗೆಸಿ ನೋಡಿ. ಸಫ್ರಾನಿನ್ನಿನ ಕೆಂಪು ಜೆರಾಕ್ಸಿನಲ್ಲಿ ಗಾಢ ಬೂದಾಗಿ ಕೋಶಕೇಂದ್ರವೂ ಚುಕ್ಕೆಗಳೂ ಒಂದಾಗಿಬಿಡಬಹುದು. ಹಾಗಾದರೆ ಆ ಭಾಗವನ್ನು ಪಕ್ಕದಲ್ಲೇ ಹಿಗ್ಗಿಸಿ ಬೇರೆ ಚೌಕದಲ್ಲಿ ಕೊಡಿ, ಅಥವಾ ಆ ಒಂದು ಪುಟವನ್ನು ಮಾತ್ರ ಬಣ್ಣದಲ್ಲಿ ಮುದ್ರಿಸಿ.

ಚಿತ್ರದ ಕೆಳಗಿನ ಬರಹಕ್ಕೆ ಮೊದಲೇ ಬರೆದಿಟ್ಟ ವಾಕ್ಯವಿದೆ. ಅದರ ಮುಂದೆ ಇಷ್ಟು ಸೇರಿಸಿ: ಈರುಳ್ಳಿಯ ಒಳಬದಿಯ ಸಿಪ್ಪೆ, ಸಫ್ರಾನಿನ್, ಗ್ಲಿಸರಿನ್, 40 ಪಟ್ಟಿನ ಆಬ್ಜೆಕ್ಟಿವ್, ಒಂದೇ ಜಾಗದ ಐದು ಫೋಕಸ್‌ಗಳಲ್ಲಿ ನಾಲ್ಕನೆಯದು, ಕೋಶಕೇಂದ್ರದ ಅಂಚು ಮತ್ತು ಕಿರುಕೋಶಕೇಂದ್ರ ನೋಡಿ ಇಬ್ಬರು ಆರಿಸಿದ್ದು. ಉಳಿದ ನಾಲ್ಕನ್ನೂ ಮೂಲ ಹೆಸರಿನಲ್ಲೇ ಒಂದು ಫೋಲ್ಡರಿನಲ್ಲಿ ಇಡಿ. ಪ್ರಯೋಗ ಪರೀಕ್ಷೆಯ ದಿನ ಯಾಕೆ ಇದನ್ನೇ ಆರಿಸಿದಿರಿ ಎಂದು ಮೇಡಂ ಕೇಳಿದರೆ ತೆರೆದು ತೋರಿಸಲು ಅವು ಬೇಕಾಗುತ್ತವೆ.